‘ಚುನಾಯಿತ’ ಎಂಬ ಪದ ಬಿಟ್ಟುಹೋದ ನೋಟ್ಸ್: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಅಭ್ಯರ್ಥಿಯ ಹೆಸರು, ಊರು, ಪರೀಕ್ಷೆ ಬರೆದ ವರ್ಷ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ತಮ್ಮ ನೋಟ್ಸ್ ಬಗ್ಗೆ ಬರೆಯಲು ಅವರು ಒಪ್ಪಿದ್ದಾರೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಉಳಿದದ್ದೆಲ್ಲ ನಡೆದಂತೆಯೇ ಇದೆ.

ನಾನು ಸಂಜೆ ಹೊತ್ತು ಒಂದು ಓದುವ ಕೋಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಜೊತೆ ಕೂರುತ್ತೇನೆ. ಪಾಠ ಮಾಡುವುದು ಕಡಿಮೆ. ಅವರು ಬಿಡಿಸಿದ ಪ್ರಶ್ನೆಪತ್ರಿಕೆ ನೋಡುವುದು, ಎಲ್ಲಿ ತಪ್ಪುತ್ತಿದ್ದಾರೆ ಅಂತ ಹುಡುಕುವುದೇ ಜಾಸ್ತಿ. ಈ ಅಭ್ಯರ್ಥಿ ಅಲ್ಲಿಗೆ ಬಂದಾಗ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹುದ್ದೆಯ ಪಿಡಿಒ ಪರೀಕ್ಷೆ, ಪ್ರಥಮ ದರ್ಜೆ ಸಹಾಯಕ ಹುದ್ದೆಯ ಎಫ್‌ಡಿಎ ಪರೀಕ್ಷೆ ಎರಡಕ್ಕೂ ತಯಾರಿ ನಡೆಸಿದ್ದರು. ಓದಿದ್ದು ಬಿಎಸ್ಸಿ. ಹತ್ತನೇ ತರಗತಿ ಸಮಾಜ ವಿಜ್ಞಾನ ಬಿಟ್ಟರೆ ಸಂವಿಧಾನ ಓದಿದವರಲ್ಲ. ಹಗಲು ಖಾಸಗಿ ಕೆಲಸ, ಓದಲು ಸಿಗುತ್ತಿದ್ದದ್ದು ಸಂಜೆ ಎರಡು ಗಂಟೆ.

ಅವರ ಹತ್ತಿರ ಇದ್ದದ್ದು ಎಲ್ಲರ ಹತ್ತಿರ ಇರುವಂಥದ್ದೇ ಒಂದು ದಪ್ಪ ಪಾಲಿಟಿ ಪುಸ್ತಕ, ಎಂಟುನೂರು ಪುಟದ ಆಸುಪಾಸು. ಪುಸ್ತಕದ ಬಗ್ಗೆ ದೂರಿಲ್ಲ. ಐತಿಹಾಸಿಕ ಹಿನ್ನೆಲೆ, ವಿಧಿಗಳು, ಸಮಿತಿಗಳು, ಟೀಕೆಗಳು, ತೀರ್ಪುಗಳು ಎಲ್ಲವೂ ಇದ್ದವು. ಆದರೆ ಪರೀಕ್ಷೆಗೆ ಮುಂಚಿನ ವಾರದಲ್ಲಿ ಅದನ್ನು ಇನ್ನೊಮ್ಮೆ ಓದಿ ಮುಗಿಸುವುದು ಯಾರಿಂದಲೂ ಆಗದ ಮಾತು. ಹಾಗಾಗಿ ನೋಟ್ಸ್ ಬೇಕಿತ್ತು.

ಸಮಸ್ಯೆ

ನೋಟ್ಸ್ ಆಗಲೇ ಇತ್ತು. ಎರಡು ಲಾಂಗ್ ನೋಟ್‌ಬುಕ್ ತುಂಬ, ಅಂದವಾದ ಅಕ್ಷರದಲ್ಲಿ, ಅಧ್ಯಾಯದ ಪ್ರಕಾರ. ಪುಸ್ತಕದ ಒಂದೊಂದು ಪ್ಯಾರಾವನ್ನೂ ಎರಡು ಮೂರು ಸಾಲಿಗೆ ಇಳಿಸಿದ್ದರು. ಅದನ್ನೇ ಎರಡು ಸಲ ಓದಿ ಮಾಕ್ ಟೆಸ್ಟ್ ಬರೆದಿದ್ದರು. ಪಾಲಿಟಿ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಸರಿ ಬಂದಿದ್ದವು.

“ಸರ್, ಓದಿದ್ದೇ ಬಂದಿದೆ. ಆದರೂ ತಪ್ಪಾಗ್ತಿದೆ. ಮರೆವು ಜಾಸ್ತಿ ನನಗೆ” ಅಂದರು.

ತಪ್ಪಾದ ಪ್ರಶ್ನೆಗಳನ್ನೂ ನೋಟ್‌ಬುಕ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ರಾಷ್ಟ್ರಪತಿ ಚುನಾವಣೆಯಲ್ಲಿ ಯಾರು ಮತ ಹಾಕುವುದಿಲ್ಲ ಅನ್ನುವುದು ಒಂದು ಪ್ರಶ್ನೆ. ಆಯ್ಕೆಗಳಲ್ಲಿ ಲೋಕಸಭೆಯ ಚುನಾಯಿತ ಸದಸ್ಯರು, ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರು, ವಿಧಾನಸಭೆಯ ಚುನಾಯಿತ ಸದಸ್ಯರು, ಪುದುಚೇರಿ ವಿಧಾನಸಭೆಯ ಚುನಾಯಿತ ಸದಸ್ಯರು ಇದ್ದರು. ಅವರು ಪುದುಚೇರಿಗೆ ಗುರುತು ಹಾಕಿದ್ದರು. ಸರಿಯುತ್ತರ ನಾಮನಿರ್ದೇಶಿತ ಸದಸ್ಯರು.

ನೋಟ್‌ಬುಕ್ಕಿನಲ್ಲಿ 54ನೇ ವಿಧಿಯ ಎದುರು ಹೀಗಿತ್ತು: “ಸಂಸತ್ತಿನ ಎರಡೂ ಸದನಗಳ ಸದಸ್ಯರು + ರಾಜ್ಯ ವಿಧಾನಸಭೆಗಳ ಸದಸ್ಯರು”. ಪುಸ್ತಕ ತೆಗೆದು ನೋಡಿದರೆ ಎರಡೂ ಕಡೆ ‘ಚುನಾಯಿತ’ ಎಂಬ ಪದ ಇತ್ತು. ಸಾಲು ಚಿಕ್ಕದು ಮಾಡುವಾಗ ಅದು ಬಿದ್ದುಹೋಗಿದೆ. ದೆಹಲಿ ಮತ್ತು ಪುದುಚೇರಿ ವಿಧಾನಸಭೆಗಳನ್ನು 70ನೇ ತಿದ್ದುಪಡಿ ಸೇರಿಸಿದ್ದು ಪುಸ್ತಕದಲ್ಲಿ ಇನ್ನೊಂದು ಪ್ಯಾರಾದಲ್ಲಿತ್ತು, ಅದೂ ಬಂದಿರಲಿಲ್ಲ.

ಒಂದೇ ಆಗಿದ್ದರೆ ಕೈತಪ್ಪು ಅನ್ನಬಹುದಿತ್ತು. ಮುಂದಿನ ತಪ್ಪುಗಳೂ ಅದೇ ಜಾತಿಯವು. “2/3 ಬಹುಮತ” ಅಂತ ಇತ್ತು, ಆದರೆ ಒಟ್ಟು ಸದಸ್ಯರ 2/3 ಭಾಗವೋ, ಹಾಜರಿದ್ದು ಮತ ಹಾಕಿದವರ 2/3 ಭಾಗವೋ ಅನ್ನುವುದು ಇರಲಿಲ್ಲ. “ಮಹಿಳೆಯರಿಗೆ 1/3 ಮೀಸಲಾತಿ” ಅಂತ ಇತ್ತು, “1/3ಕ್ಕೆ ಕಡಿಮೆ ಇಲ್ಲದಂತೆ” ಎಂಬುದು ಇರಲಿಲ್ಲ. ಮೂಲಭೂತ ಹಕ್ಕುಗಳ ಪಟ್ಟಿ ಪೂರ್ತಿ ಇತ್ತು, ಆದರೆ 15, 16, 19, 29, 30ನೇ ವಿಧಿಗಳು ನಾಗರಿಕರಿಗೆ ಮಾತ್ರ, 14, 21ರಂಥವು ವಿದೇಶಿಯರಿಗೂ ಸಿಗುತ್ತವೆ ಅನ್ನುವ ವ್ಯತ್ಯಾಸ ಇರಲಿಲ್ಲ.

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಇದು ಮರೆವಿನ ಸಮಸ್ಯೆ ಅಲ್ಲ. ಬರೆದುಕೊಂಡದ್ದನ್ನು ಅವರು ಚೆನ್ನಾಗಿಯೇ ನೆನಪಿಟ್ಟಿದ್ದರು. ನಾವು ಸಾರಾಂಶ ಬರೆಯುವಾಗ ಮೊದಲು ತೆಗೆಯುವುದೇ ‘ಚುನಾಯಿತ’, ‘ಒಟ್ಟು’, ‘ಮಾತ್ರ’, ‘ಒಳಗೆ’, ‘ಕಡಿಮೆ ಇಲ್ಲದಂತೆ’ ಎಂಬ ಪದಗಳನ್ನು. ಅವು ಇಲ್ಲದಿದ್ದರೂ ಸಾಲು ಓದಲು ಸರಿಯಾಗಿಯೇ ಕಾಣುತ್ತದೆ. ವಸ್ತುನಿಷ್ಠ ಪತ್ರಿಕೆ ತಯಾರಿಸುವವರು ತಪ್ಪು ಆಯ್ಕೆಯನ್ನು ಕಟ್ಟುವುದು ಅದೇ ಪದಗಳ ಮೇಲೆ. ಅಂದರೆ ಪುಸ್ತಕವನ್ನು ಚಿಕ್ಕದು ಮಾಡಿದ ಕ್ರಮವೇ ಪರೀಕ್ಷೆಯಲ್ಲಿ ಕೇಳುವ ಭಾಗವನ್ನು ಹೊರಗೆ ಹಾಕುತ್ತಿತ್ತು.

ಮೊದಲ ತೀರ್ಮಾನ: ಪುಸ್ತಕ ಮುಚ್ಚಿ, ಪ್ರಶ್ನೆಪತ್ರಿಕೆ ತೆಗೆಯುವುದು

ನೋಟ್‌ಬುಕ್ಕುಗಳನ್ನು ತಿದ್ದುವುದು ಬೇಡ, ಬೇರೆ ಕಡೆಯಿಂದ ಶುರು ಮಾಡೋಣ ಎಂದು ಮಾತಾಯಿತು. ಕೆಪಿಎಸ್‌ಸಿ ಮತ್ತು ಕೆಇಎ ತಮ್ಮ ಜಾಲತಾಣದಲ್ಲಿ ಹಳೆಯ ಪತ್ರಿಕೆಗಳನ್ನೂ ಕೀ ಉತ್ತರಗಳನ್ನೂ ಹಾಕುತ್ತವೆ. ಆಕೆ ಪಿಡಿಒ, ಎಫ್‌ಡಿಎ, ಎಸ್‌ಡಿಎ, ಗ್ರಾಮ ಲೆಕ್ಕಿಗ ಪತ್ರಿಕೆಗಳನ್ನು ಇಳಿಸಿಕೊಂಡರು. ಮೊದಲು ಪ್ರಕಟವಾಗುವ ಕೀ ಉತ್ತರಕ್ಕೆ ಆಕ್ಷೇಪಣೆ ಬಂದ ಮೇಲೆ ಪರಿಷ್ಕೃತ ಕೀ ಬರುತ್ತದೆ. ಅವೆರಡೂ ಬೇರೆ ಇದ್ದ ಕಡೆ ಪರಿಷ್ಕೃತವನ್ನೇ ತೆಗೆದುಕೊಂಡರು. ಇದು ಸಣ್ಣ ಮಾತಲ್ಲ. ತಪ್ಪು ಕೀ ನೋಡಿ ಮಾಡಿದ ನೋಟ್ಸ್ ತಪ್ಪನ್ನೇ ಬಾಯಿಪಾಠ ಮಾಡಿಸುತ್ತದೆ.

ಇನ್ನೊಂದು ಕೆಲಸವನ್ನೂ ಆಗಲೇ ಮಾಡಿದೆವು. ತೀರಾ ಇತ್ತೀಚಿನ ಎರಡು ಪತ್ರಿಕೆಗಳನ್ನು ತೆರೆಯದೆ, ಲಕೋಟೆಯಲ್ಲಿಟ್ಟು ನನ್ನ ಹತ್ತಿರ ಕೊಟ್ಟರು. ನೋಟ್ಸ್ ಮಾಡಿದ್ದು ಯಾವ ಪತ್ರಿಕೆಗಳಿಂದಲೋ ಅದೇ ಪತ್ರಿಕೆಗಳನ್ನು ಬಿಡಿಸಿದರೆ ಅಂಕ ಚೆನ್ನಾಗಿಯೇ ಬರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಉಳಿದ ಪತ್ರಿಕೆಗಳಿಂದ ಪಾಲಿಟಿ ಪ್ರಶ್ನೆಗಳನ್ನು ತೆಗೆದು ಅಧ್ಯಾಯದ ಪ್ರಕಾರ ಎಣಿಸಲು ಶುರು ಮಾಡಿದರು. ಹೆಚ್ಚಿನವರು ಮಾಡುವುದು ಇದನ್ನೇ. ಮೂಲಭೂತ ಹಕ್ಕು ಜಾಸ್ತಿ, ಸಂಸತ್ತು ಜಾಸ್ತಿ, ಪಂಚಾಯತ್ ರಾಜ್ ಜಾಸ್ತಿ ಅಂತ ಪಟ್ಟಿ ಬಂತು. ಆದರೆ ಆ ಪಟ್ಟಿ ಹೊಸದೇನನ್ನೂ ಹೇಳಲಿಲ್ಲ. ಮೂಲಭೂತ ಹಕ್ಕು ಮುಖ್ಯ ಅನ್ನುವುದು ಯಾರಿಗೆ ಗೊತ್ತಿಲ್ಲ? ಆ ಅಧ್ಯಾಯದ ಐವತ್ತು ಪುಟದಲ್ಲಿ ಯಾವುದನ್ನು ಬಿಡಬಹುದು ಅನ್ನುವುದು ಬೇಕಿತ್ತು.

ಆಗ ಎಣಿಕೆ ನಿಲ್ಲಿಸಿ ಒಂದೊಂದು ಪ್ರಶ್ನೆಯ ಕೆಳಗೂ ಒಂದೇ ಸಾಲು ಬರೆಯುತ್ತ ಹೋದರು: ಈ ಪ್ರಶ್ನೆಯ ಉತ್ತರ ಯಾವ ಒಂದು ಸಂಗತಿಯ ಮೇಲೆ ನಿಂತಿದೆ? ಸರಿಯುತ್ತರದ ವಿವರಣೆ ಅಲ್ಲ. ಉಳಿದ ಆಯ್ಕೆಗಳನ್ನು ತಪ್ಪು ಮಾಡುವ ಸಂಗತಿ ಯಾವುದು, ಅಷ್ಟೇ. ಉದಾಹರಣೆಗೆ “ಉಪರಾಷ್ಟ್ರಪತಿ ಚುನಾವಣೆಯಲ್ಲಿ ನಾಮನಿರ್ದೇಶಿತರೂ ಮತ ಹಾಕುತ್ತಾರೆ, ಶಾಸಕರು ಹಾಕುವುದಿಲ್ಲ”.

ನಿಧಾನದ ಕೆಲಸ ಇದು. ಮೊದಲ ವಾರ ಆಕೆಗೆ ಬೇಸರವೂ ಬಂದಿತ್ತು, ಓದು ಮುಂದಕ್ಕೆ ಹೋಗುತ್ತಿಲ್ಲ ಅಂತ. ಆದರೆ ಸಾಲುಗಳು ಗುಡ್ಡೆಯಾದ ಮೇಲೆ ಪುಸ್ತಕದ ಅಧ್ಯಾಯಗಳಿಗಿಂತ ಬೇರೆಯದೇ ಒಂದು ವಿಂಗಡಣೆ ತಾನಾಗಿ ಕಂಡಿತು. ಯಾರು ಮತ ಹಾಕುತ್ತಾರೆ, ಯಾವ ಬಹುಮತ, ಎಷ್ಟು ದಿನದೊಳಗೆ, ಯಾರು ನೇಮಿಸುತ್ತಾರೆ ಮತ್ತು ಯಾರು ತೆಗೆಯುತ್ತಾರೆ, ಯಾವ ತಿದ್ದುಪಡಿಯಿಂದ ಬಂತು. ಪ್ರಶ್ನೆ ರಾಷ್ಟ್ರಪತಿಯದಿರಲಿ, ಗ್ರಾಮ ಪಂಚಾಯಿತಿಯದಿರಲಿ, ಬಹುಪಾಲು ಇವುಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತಿತ್ತು. ಪದೇ ಪದೇ ಕೇಳುವುದು ಒಂದು ಅಧ್ಯಾಯವನ್ನಲ್ಲ, ಒಂದನ್ನೊಂದು ಹೋಲುವ ಎರಡು ಸಂಗತಿಗಳ ನಡುವಿನ ವ್ಯತ್ಯಾಸವನ್ನು.

ಹಾಳೆ ಬರೆದ ಬಗೆ

ವಿಷಯಕ್ಕೊಂದು ಎ4 ಹಾಳೆ, ಎರಡು ಬದಿ ಮಾತ್ರ. ಅಷ್ಟರಲ್ಲಿ ಹಿಡಿಯದಿದ್ದರೆ ವಿಷಯವನ್ನೇ ಎರಡು ಮಾಡುವುದು, ಅಕ್ಷರ ಸಣ್ಣದು ಮಾಡುವುದಲ್ಲ. ಉತ್ತರ ತೀರ್ಮಾನಿಸುವ ಪದ ಕೆಂಪು ಪೆನ್ನಿನಲ್ಲಿ. ಕೆಂಪು ಪದ ಇಲ್ಲದ ಸಾಲು ಹಾಳೆಗೆ ಬರಬೇಕಾದರೆ ಅದಕ್ಕೆ ಬೇರೆ ಕಾರಣ ಬೇಕು.

ರಾಷ್ಟ್ರಪತಿ ಹಾಳೆಯನ್ನು ಹೊಸದಾಗಿ ಬರೆದಾಗ ಚುನಾವಣೆ ಮತ್ತು ಮಹಾಭಿಯೋಗ ಎದುರು ಬದುರು ಬಂದವು. ಚುನಾವಣೆಯಲ್ಲಿ ಚುನಾಯಿತ ಶಾಸಕರಿಗೆ ಮತ ಇದೆ, ನಾಮನಿರ್ದೇಶಿತ ಸಂಸದರಿಗೆ ಇಲ್ಲ. 61ನೇ ವಿಧಿಯ ಮಹಾಭಿಯೋಗದಲ್ಲಿ ಪೂರ್ತಿ ತಿರುವುಮುರುವು: ನಾಮನಿರ್ದೇಶಿತ ಸಂಸದರು ಮತ ಹಾಕಬಹುದು, ಶಾಸಕರಿಗೆ ಪಾತ್ರವೇ ಇಲ್ಲ. ಪುಸ್ತಕದಲ್ಲಿ ಇವೆರಡರ ನಡುವೆ ಕೆಲವು ಪುಟಗಳ ಅಂತರ ಇತ್ತು. ಹಳೆಯ ನೋಟ್‌ಬುಕ್ಕಿನಲ್ಲೂ ಹಾಗೇ ದೂರ ಇದ್ದವು. ಒಂದರ ಪಕ್ಕ ಒಂದು ಬಂದಾಗ ಎರಡನ್ನೂ ಬೇರೆ ಬೇರೆ ನೆನಪಿಡುವ ಕೆಲಸ ತಪ್ಪಿತು.

ಅದರ ಕೆಳಗೆ ಉಪರಾಷ್ಟ್ರಪತಿ. ಆಯ್ಕೆ ಮಾಡುವುದು ಎರಡೂ ಸದನಗಳ ಎಲ್ಲ ಸದಸ್ಯರು. ತೆಗೆದುಹಾಕುವ ನಿರ್ಣಯ ಶುರುವಾಗುವುದು ರಾಜ್ಯಸಭೆಯಲ್ಲಿ ಮಾತ್ರ. ರಾಷ್ಟ್ರಪತಿಯ ಮೇಲಿನ ಮಹಾಭಿಯೋಗ ಯಾವ ಸದನದಲ್ಲಾದರೂ ಶುರುವಾಗಬಹುದು, ಒಟ್ಟು ಸದಸ್ಯರ 1/4 ಜನ ಸಹಿ ಮಾಡಿರಬೇಕು, ಒಟ್ಟು ಸದಸ್ಯರ 2/3 ಜನ ಒಪ್ಪಬೇಕು. ಎರಡಕ್ಕೂ 14 ದಿನ ಮುಂಚೆ ನೋಟಿಸ್. ಆಕೆ ‘ವಿಧಾನ ಪರಿಷತ್’ ಎಂದು ಬರೆದು ಅದರ ಮೇಲೆ ಅಡ್ಡಗೆರೆ ಎಳೆದಿದ್ದರು. ಕರ್ನಾಟಕದಲ್ಲಿ ಪರಿಷತ್ತು ಇರುವುದರಿಂದ ಅದರ ಸದಸ್ಯರಿಗೂ ರಾಷ್ಟ್ರಪತಿ ಚುನಾವಣೆಯಲ್ಲಿ ಮತ ಇದೆ ಅನ್ನಿಸುವುದು ಸಹಜ. ಮತ ಇಲ್ಲ.

ಬಿಟ್ಟದ್ದು ಏನು? ಮತದ ಮೌಲ್ಯ ಲೆಕ್ಕ ಹಾಕುವ ಉದಾಹರಣೆ, ಹಳೆಯ ರಾಷ್ಟ್ರಪತಿಗಳು ಪಡೆದ ಮತಗಳ ಕೋಷ್ಟಕ, ಟೀಕೆಗಳು. ಇಷ್ಟು ಪುಟ ಬಿಡಲು ಆಕೆಗೆ ಧೈರ್ಯ ಸಾಲಲಿಲ್ಲ. “ಬಂದುಬಿಟ್ಟರೆ ಸರ್?” ಅಂತ ಒಂದೊಂದಕ್ಕೂ ಕೇಳುತ್ತಿದ್ದರು. ಅದಕ್ಕೆ ಹೀಗೆ ಮಾಡಿದೆವು: ಬಿಟ್ಟ ವಿಷಯದ ಪುಟಸಂಖ್ಯೆಯನ್ನು ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡುವುದು. ಪುಸ್ತಕ ಎಲ್ಲೂ ಹೋಗುವುದಿಲ್ಲ, ಬೇಕಾದಾಗ ನೇರ ಅಲ್ಲಿಗೆ ಹೋಗಬಹುದು. ಇದಾದ ಮೇಲೆ ಬಿಡುವುದು ಸಲೀಸಾಯಿತು.

ತುರ್ತು ಪರಿಸ್ಥಿತಿಯ ಹಾಳೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಹಳೆಯ ನೋಟ್‌ಬುಕ್ಕಿನಲ್ಲಿ ಅದು ಎಂಟು ಪುಟ. ಹೊಸದರ ಮುಂಬದಿಯಲ್ಲಿ ಇಷ್ಟೇ ಇತ್ತು:

| | 352 ರಾಷ್ಟ್ರೀಯ | 356 ರಾಜ್ಯ | 360 ಹಣಕಾಸು |
|---|---|---|---|
| ಸಂಸತ್ತಿನ ಒಪ್ಪಿಗೆ | 1 ತಿಂಗಳೊಳಗೆ | 2 ತಿಂಗಳೊಳಗೆ | 2 ತಿಂಗಳೊಳಗೆ |
| ಬಹುಮತ | ವಿಶೇಷ | ಸರಳ | ಸರಳ |
| ಮುಂದುವರಿಕೆ | 6 ತಿಂಗಳಿಗೊಮ್ಮೆ ಒಪ್ಪಿಗೆ, ಮಿತಿ ಇಲ್ಲ | 6 ತಿಂಗಳಿಗೊಮ್ಮೆ ಒಪ್ಪಿಗೆ, ಗರಿಷ್ಠ 3 ವರ್ಷ | ಒಮ್ಮೆ ಒಪ್ಪಿದರೆ ಸಾಕು, ಮಿತಿ ಇಲ್ಲ |
| ಆಗಿದ್ದು | 1962, 1971, 1975 | ಹಲವು ಸಲ | ಒಮ್ಮೆಯೂ ಇಲ್ಲ |

ಈ ಕೋಷ್ಟಕವನ್ನು ಅಡ್ಡಡ್ಡ ಓದಿ ನೋಡಿ. ಪತ್ರಿಕೆಯ ತಪ್ಪು ಆಯ್ಕೆ ಹುಟ್ಟುವುದು ಪಕ್ಕದ ಕೋಣೆಯಿಂದ. 352ಕ್ಕೆ “2 ತಿಂಗಳು” ಅಂತ ಕೊಡುತ್ತಾರೆ, 360ಕ್ಕೆ “6 ತಿಂಗಳಿಗೊಮ್ಮೆ” ಅಂತ ಕೊಡುತ್ತಾರೆ. ಹಿಂಬದಿಯಲ್ಲಿ 358 ಮತ್ತು 359 ಎದುರು ಬದುರು: ಯುದ್ಧ ಅಥವಾ ಬಾಹ್ಯ ಆಕ್ರಮಣದ ಕಾರಣಕ್ಕೆ ಘೋಷಿಸಿದರೆ 19ನೇ ವಿಧಿ ತಾನಾಗಿ ಅಮಾನತು, ಸಶಸ್ತ್ರ ದಂಗೆಯ ಕಾರಣಕ್ಕಾದರೆ ಇಲ್ಲ. ಉಳಿದ ಹಕ್ಕುಗಳ ಜಾರಿಗಾಗಿ ಕೋರ್ಟಿಗೆ ಹೋಗುವುದನ್ನು ರಾಷ್ಟ್ರಪತಿ ಆದೇಶ ಹೊರಡಿಸಿ ತಡೆಯಬಹುದು, 20 ಮತ್ತು 21ನ್ನು ಬಿಟ್ಟು. ಅದರ ಕೆಳಗೆ 44ನೇ ತಿದ್ದುಪಡಿ, 1978 ಎಂದು ಒಂದು ಸಾಲು. 1975ರ ಕಥೆ, ಅದರ ಮೇಲಿನ ಚರ್ಚೆ ಎಲ್ಲ ಪೆನ್ಸಿಲ್ ಪುಟಸಂಖ್ಯೆಯಾಗಿ ಅಂಚಿಗೆ ಹೋಯಿತು. ಇದೇ ಮುಂದೆ ತೊಂದರೆ ಕೊಟ್ಟಿತು, ಆಮೇಲೆ ಹೇಳುತ್ತೇನೆ.

ಪಂಚಾಯತ್ ರಾಜ್: ಇಳಿಸುವ ಬದಲು ಬೆಳೆಸಬೇಕಾದ ಹಾಳೆ

ಪಿಡಿಒ ಪತ್ರಿಕೆಗೆ ಓದುವವರಿಗೆ ಈ ಅಧ್ಯಾಯ ಎಷ್ಟು ಬೇಕು ಅಂತ ಬೇರೆ ಹೇಳಬೇಕಿಲ್ಲ. ಆದರೆ ದಪ್ಪ ಪುಸ್ತಕದಲ್ಲಿ ಇದಕ್ಕೆ ಸಿಕ್ಕ ಜಾಗ ಕಡಿಮೆ, ಅದರಲ್ಲೂ ಅರ್ಧ ಭಾಗ ಬಲವಂತರಾಯ್ ಮೆಹ್ತಾ, ಅಶೋಕ್ ಮೆಹ್ತಾ ಮುಂತಾದ ಸಮಿತಿಗಳಿಗೆ ಹೋಗಿತ್ತು. ಅಖಿಲ ಭಾರತ ಮಟ್ಟದ ಪುಸ್ತಕವಾದ್ದರಿಂದ ಕರ್ನಾಟಕದ ಕಾಯ್ದೆ ಅದರಲ್ಲಿ ಇರುವುದಿಲ್ಲ.

ಹಳೆಯ ಪ್ರಶ್ನೆಗಳ ಸಾಲುಗಳನ್ನು ನೋಡಿದಾಗ ಆಕೆಯೇ ಕಂಡುಹಿಡಿದ ಸಂಗತಿ ಇದು: ತಪ್ಪುತ್ತಿದ್ದದ್ದು ಸಂವಿಧಾನ ಹೇಳುವುದಕ್ಕೂ ನಮ್ಮ ರಾಜ್ಯದ ಕಾಯ್ದೆ ಹೇಳುವುದಕ್ಕೂ ಇರುವ ವ್ಯತ್ಯಾಸದಲ್ಲಿ. 243ಡಿ ಪ್ರಕಾರ ಮಹಿಳೆಯರಿಗೆ 1/3ಕ್ಕೆ ಕಡಿಮೆ ಇಲ್ಲದಂತೆ ಸ್ಥಾನ ಮೀಸಲು. ಕರ್ನಾಟಕದ ಕಾಯ್ದೆಯಲ್ಲಿ ಅದು ಶೇ. 50. ಎರಡೂ ಸರಿ. ಪ್ರಶ್ನೆಯ ಮೊದಲ ಸಾಲಿನಲ್ಲಿ “ಸಂವಿಧಾನದ ಪ್ರಕಾರ” ಅಂತ ಇದೆಯೋ, “ಕರ್ನಾಟಕದಲ್ಲಿ” ಅಂತ ಇದೆಯೋ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಜಾರಿಯ ದಿನಾಂಕವೂ ಹಾಗೇ. 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24, ಕರ್ನಾಟಕದ ಕಾಯ್ದೆ ಜಾರಿಗೆ ಬಂದದ್ದು 1993ರ ಮೇ 10.

ಹಾಗಾಗಿ ಈ ಹಾಳೆಯ ನಡುವೆ ಉದ್ದಕ್ಕೆ ಗೆರೆ ಎಳೆದರು. ಎಡಕ್ಕೆ ಸಂವಿಧಾನದ ಭಾಗ 9, ಬಲಕ್ಕೆ ರಾಜ್ಯದ ಕಾಯ್ದೆ. ಬಲಗಡೆ ತುಂಬಿಸಲು ಪುಸ್ತಕ ಸಾಲದೆ ಕಾಯ್ದೆಯ ಕನ್ನಡ ಪ್ರತಿಯನ್ನೇ ತೆಗೆದು ಕೂತರು. ಎಡಗಡೆಯಲ್ಲೂ ಪುಸ್ತಕ ಮೇಲುಮೇಲಕ್ಕೆ ಹೇಳಿ ಬಿಟ್ಟದ್ದನ್ನು ಮೂಲ ವಿಧಿ ಓದಿ ಸೇರಿಸಿದರು. ಅಧ್ಯಕ್ಷರ ಆಯ್ಕೆಯನ್ನೇ ನೋಡಿ. ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ಚುನಾಯಿತ ಸದಸ್ಯರೇ ತಮ್ಮೊಳಗಿಂದ ಆರಿಸಬೇಕು ಅಂತ 243ಸಿ ಸ್ಪಷ್ಟವಾಗಿ ಹೇಳುತ್ತದೆ. ಗ್ರಾಮ ಮಟ್ಟದ್ದನ್ನು ಮಾತ್ರ ರಾಜ್ಯದ ಕಾನೂನಿಗೆ ಬಿಟ್ಟಿದೆ. ಪುಸ್ತಕದ ಸಾರಾಂಶದಲ್ಲಿ “ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ” ಎಂದಷ್ಟೇ ಉಳಿದರೆ ಈ ವ್ಯತ್ಯಾಸ ಹೋಯಿತು.

ಅವಧಿಗೆ ಮುಂಚೆ ವಿಸರ್ಜನೆಯಾದ ಪಂಚಾಯಿತಿಯದ್ದೂ ಇಂಥದ್ದೇ. ಆರು ತಿಂಗಳೊಳಗೆ ಚುನಾವಣೆ ಆಗಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಹಾಗೆ ಬಂದ ಹೊಸ ಪಂಚಾಯಿತಿಗೆ ಪೂರ್ತಿ ಐದು ವರ್ಷ ಸಿಗುವುದಿಲ್ಲ, ಉಳಿದ ಅವಧಿ ಮಾತ್ರ. ಉಳಿದ ಅವಧಿ ಆರು ತಿಂಗಳಿಗಿಂತ ಕಡಿಮೆ ಇದ್ದರೆ ಆ ಅವಧಿಗಾಗಿ ಚುನಾವಣೆ ನಡೆಸಬೇಕಾಗಿಲ್ಲ. ಈ ಮೂರೂ ಒಟ್ಟಿಗೆ ಬಂದರೆ ಮಾತ್ರ ಹೇಳಿಕೆ ಮಾದರಿಯ ಪ್ರಶ್ನೆಯಲ್ಲಿ ಯಾವ ಹೇಳಿಕೆ ಸರಿ ಅಂತ ಧೈರ್ಯವಾಗಿ ಗುರುತಿಸಬಹುದು.

ಉಳಿದ ವಿಷಯಗಳು ಒಂದೊಂದು ಹಾಳೆಗೆ ಇಳಿದರೆ ಇದು ಮೂರು ಹಾಳೆ ಆಯಿತು. ಎಲ್ಲ ಅಧ್ಯಾಯವನ್ನೂ ಒಂದೇ ಅಳತೆಗೆ ಇಳಿಸಬೇಕು ಅನ್ನುವ ಹಟವನ್ನು ಇಲ್ಲಿ ಬಿಟ್ಟದ್ದು ಒಳ್ಳೆಯ ನಿರ್ಧಾರ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹಳೆಯ ಪತ್ರಿಕೆಯ ಒಳಗಿನ ಅಪಾಯ

ಪ್ರಶ್ನೆಪತ್ರಿಕೆಯಿಂದ ನೋಟ್ಸ್ ಮಾಡುವುದರಲ್ಲಿ ಒಂದು ಅಪಾಯ ಇದೆ. ಅವತ್ತು ಸರಿಯಾಗಿದ್ದ ಉತ್ತರ ಇವತ್ತು ತಪ್ಪಾಗಿರಬಹುದು. ಅವರ ಪುಸ್ತಕವೂ ಹಳೆಯ ಮುದ್ರಣ, ಅಣ್ಣನಿಂದ ಬಂದದ್ದು.

ಇದು ಗೊತ್ತಾದದ್ದು ಲೋಕಸಭೆಯ ಗರಿಷ್ಠ ಸದಸ್ಯಬಲದಲ್ಲಿ. ಹಾಳೆಯಲ್ಲಿ 552 ಎಂದಿತ್ತು. ಪುಸ್ತಕವೂ ಅದನ್ನೇ ಹೇಳಿತ್ತು, ಹಳೆಯ ಕೀ ಉತ್ತರವೂ ಅದೇ. ಎರಡು ಕಡೆ ಹೊಂದಿದ ಮೇಲೆ ಅನುಮಾನ ಏಕೆ ಬರಬೇಕು? ಆದರೆ ಆ 552ರಲ್ಲಿ ರಾಷ್ಟ್ರಪತಿ ನಾಮನಿರ್ದೇಶನ ಮಾಡುತ್ತಿದ್ದ ಇಬ್ಬರು ಆಂಗ್ಲೋ ಇಂಡಿಯನ್ ಸದಸ್ಯರೂ ಸೇರಿದ್ದರು. 104ನೇ ತಿದ್ದುಪಡಿಯ ನಂತರ, 2020ರ ಜನವರಿಯಿಂದ ಆ ನಾಮನಿರ್ದೇಶನ ಇಲ್ಲ. ರಾಜ್ಯಗಳಿಂದ 530, ಕೇಂದ್ರಾಡಳಿತ ಪ್ರದೇಶಗಳಿಂದ 20, ಒಟ್ಟು 550. ವಿಧಾನಸಭೆಗೆ ರಾಜ್ಯಪಾಲರು ಒಬ್ಬರನ್ನು ನಾಮನಿರ್ದೇಶನ ಮಾಡುತ್ತಿದ್ದದ್ದೂ ಜೊತೆಗೇ ನಿಂತಿತು. ಅಂದರೆ ಒಂದು ತಿದ್ದುಪಡಿ ಮೂರು ಹಾಳೆಗಳನ್ನು ಮುಟ್ಟಿತ್ತು: ಸಂಸತ್ತು, ರಾಜ್ಯ ಶಾಸಕಾಂಗ, ರಾಷ್ಟ್ರಪತಿ.

ಇದಾದ ಮೇಲೆ ಆಕೆ ಒಂದು ಸಂಜೆ ಪೂರ್ತಿ ತಿದ್ದುಪಡಿಗಳ ಪಟ್ಟಿಯನ್ನು ಹಿಂದಿನಿಂದ ಓದಿದರು. 106ರಿಂದ ಶುರು ಮಾಡಿ ಪುಸ್ತಕದ ಮುದ್ರಣ ನಿಂತ ಸಂಖ್ಯೆಯವರೆಗೆ. ಒಂದೊಂದು ತಿದ್ದುಪಡಿ ಯಾವ ಯಾವ ಹಾಳೆಯ ಯಾವ ಸಾಲನ್ನು ಬದಲಿಸಿದೆ ಅಂತ ನೋಡಿ ತಿದ್ದಿದರು. ತಿದ್ದುಪಡಿಗಳಿಗೆ ಅಂತಲೇ ಬೇರೆ ಹಾಳೆ ಮಾಡಿ ಸುಮ್ನೆ ಬಿಟ್ಟಿದ್ದರೆ ಸಂಸತ್ತಿನ ಹಾಳೆಯಲ್ಲಿ 552 ಹಾಗೇ ಉಳಿಯುತ್ತಿತ್ತು. ರಾಜ್ಯಗಳ ಸಂಖ್ಯೆ, ಕೇಂದ್ರಾಡಳಿತ ಪ್ರದೇಶಗಳ ಸಂಖ್ಯೆಯಂಥ ಬದಲಾಗಬಹುದಾದ ಅಂಕಿಗಳನ್ನು ಅವತ್ತಿನಿಂದ ಪೆನ್ಸಿಲ್‌ನಲ್ಲೇ ಬರೆದರು.

ಲಕೋಟೆ ತೆರೆದಾಗ

ಹಾಳೆಗಳು ಮುಗಿದ ಮೇಲೆ ಎತ್ತಿಟ್ಟ ಪತ್ರಿಕೆಗಳಲ್ಲಿ ಮೊದಲನೆಯದನ್ನು ಕೊಟ್ಟೆ. ಸಮಯ ಹಿಡಿದು, ಋಣಾತ್ಮಕ ಅಂಕದ ಲೆಕ್ಕ ಸೇರಿಸಿ ಬರೆಸಿದೆ. ತಪ್ಪು ಉತ್ತರಕ್ಕೆ ನಾಲ್ಕನೇ ಒಂದು ಭಾಗ ಅಂಕ ಹೋಗುವುದರಿಂದ ಸುಮ್ಮನೆ ಗುರುತು ಹಾಕುವಂತಿಲ್ಲ.

ನೇರ ಪ್ರಶ್ನೆಗಳು, ಹೊಂದಿಸಿ ಬರೆಯುವ ಪ್ರಶ್ನೆಗಳು, ‘ಕೆಳಗಿನ ಹೇಳಿಕೆಗಳನ್ನು ಪರಿಗಣಿಸಿ’ ಮಾದರಿಯವು ಬಹುತೇಕ ಸರಿ ಬಂದವು. ಅಂಕಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಯಾವ ಆಯ್ಕೆಯನ್ನು ಏಕೆ ಹೊಡೆದು ಹಾಕಿದೆ ಅಂತ ಅವರು ಹೇಳಬಲ್ಲವರಾಗಿದ್ದರು. “ಇಲ್ಲಿ ‘ಎಲ್ಲ ಸದಸ್ಯರು’ ಅಂತ ಇದೆ ಸರ್, ‘ಚುನಾಯಿತ’ ಇಲ್ಲ. ಅದಕ್ಕೆ ಬಿಟ್ಟೆ.”

ಆದರೆ ಸಮರ್ಥನೆ ಮತ್ತು ಕಾರಣ ಮಾದರಿಯ ಪ್ರಶ್ನೆಗಳಲ್ಲಿ ಎಡವಿದರು. ಅವು ಹೀಗಿರುತ್ತವೆ. ಸಮರ್ಥನೆ: ಧನ ಮಸೂದೆಯನ್ನು ರಾಜ್ಯಸಭೆ ತಿರಸ್ಕರಿಸುವಂತಿಲ್ಲ. ಕಾರಣ: ರಾಜ್ಯಸಭೆ ವಿಸರ್ಜನೆಯಾಗದ ಕಾಯಂ ಸದನ. ಎರಡೂ ಮಾತು ಸರಿ. ಎರಡೂ ಅವರ ಹಾಳೆಯಲ್ಲಿ ಇದ್ದವು, ಕೆಂಪು ಪೆನ್ನಿನಲ್ಲೇ. ಹಾಗಾಗಿ ಎರಡನೆಯದು ಮೊದಲನೆಯದಕ್ಕೆ ಕಾರಣ ಎಂದುಕೊಂಡು ಗುರುತು ಹಾಕುವುದು ತೀರಾ ಸುಲಭ. ನಿಜವಾದ ಕಾರಣ ಬೇರೆ. ಮಂತ್ರಿಮಂಡಲ ಹೊಣೆಯಾಗಿರುವುದು ಜನ ನೇರವಾಗಿ ಆರಿಸಿದ ಲೋಕಸಭೆಗೆ, ಹಣದ ಮೇಲಿನ ಹಿಡಿತವೂ ಅದರದ್ದೇ.

ತುರ್ತು ಪರಿಸ್ಥಿತಿಯ ಹಾಳೆಯೂ ಇಲ್ಲೇ ಕೈಕೊಟ್ಟಿತು. 44ನೇ ತಿದ್ದುಪಡಿಯಿಂದ ಏನು ಬದಲಾಯಿತು ಅನ್ನುವುದು ಇತ್ತು, ಏಕೆ ಬದಲಾಯಿತು ಅನ್ನುವುದು ಇರಲಿಲ್ಲ. ಏಕೆಂದರೆ ಕಥೆಯನ್ನೆಲ್ಲ ತೆಗೆದುಹಾಕಿದ್ದೆವು. 1975ರಲ್ಲಿ ‘ಆಂತರಿಕ ಕ್ಷೋಭೆ’ ಅನ್ನುವ ಸಡಿಲ ಕಾರಣದ ಮೇಲೆ ಘೋಷಣೆ ಆಗಿತ್ತು, ಸಚಿವ ಸಂಪುಟಕ್ಕೆ ತಿಳಿದದ್ದು ಆಮೇಲೆ. ಅದಕ್ಕೇ 44ನೇ ತಿದ್ದುಪಡಿ ಆ ಪದ ತೆಗೆದು ‘ಸಶಸ್ತ್ರ ದಂಗೆ’ ಎಂದು ಹಾಕಿತು, ಸಂಪುಟದ ಲಿಖಿತ ಶಿಫಾರಸು ಬೇಕು ಎಂದಿತು, ಎರಡು ತಿಂಗಳ ಗಡುವನ್ನು ಒಂದಕ್ಕೆ ಇಳಿಸಿತು. ಈ ಕಾರಣ ಗೊತ್ತಿದ್ದವರಿಗೆ ಕೋಷ್ಟಕದ ಮೊದಲ ಕಾಲಂ ನೆನಪಿಡುವುದೂ ಸುಲಭ.

ಎರಡನೇ ಪತ್ರಿಕೆ ಕೊಡುವ ಮುಂಚೆ ಹಾಳೆಗಳಿಗೆ ಒಂದು ಸೇರ್ಪಡೆ ಆಯಿತು. ಒಂದೊಂದು ಹಾಳೆಯ ಕೊನೆಗೂ ‘ಏಕೆ’ ಅಂತ ಎರಡು ಮೂರು ಸಾಲು. ಪುಟಸಂಖ್ಯೆ ಅಂಚಿನಲ್ಲಿ ಇದ್ದದ್ದರಿಂದ ಪುಸ್ತಕದಲ್ಲಿ ಹುಡುಕಲು ಹೊತ್ತು ಹಿಡಿಯಲಿಲ್ಲ. ತೀರ್ಪುಗಳೂ ಹೀಗೇ ಬಂದವು: 1973ರ ಕೇಶವಾನಂದ ಭಾರತಿ ಪ್ರಕರಣ ತಿದ್ದುಪಡಿಯ ಹಾಳೆಗೆ, 1994ರ ಎಸ್. ಆರ್. ಬೊಮ್ಮಾಯಿ ಪ್ರಕರಣ 356ರ ಕೆಳಗೆ. ತೀರ್ಪುಗಳಿಗೆ ಬೇರೆ ಪಟ್ಟಿ ಮಾಡಲಿಲ್ಲ. ಎರಡನೇ ಪತ್ರಿಕೆಯಲ್ಲಿ ಸಮರ್ಥನೆ ಮತ್ತು ಕಾರಣದ ಪ್ರಶ್ನೆಗಳು ಪೂರ್ತಿ ಅಲ್ಲದಿದ್ದರೂ ಗಮನಿಸುವಷ್ಟು ಸುಧಾರಿಸಿದ್ದವು.

ಫಲಿತಾಂಶ ಮತ್ತು ಅದರ ಮಿತಿ

ಅವರು ಬರೆದ ಎರಡು ಪರೀಕ್ಷೆಗಳಲ್ಲಿ ಒಂದರ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತು. ಅದಕ್ಕೆ ಪಾಲಿಟಿ ಹಾಳೆಗಳೇ ಕಾರಣ ಎಂದು ಹೇಳಲಾಗದು. ಕನ್ನಡ, ಇಂಗ್ಲಿಷ್, ಪ್ರಚಲಿತ ವಿದ್ಯಮಾನ ಎಲ್ಲಕ್ಕೂ ಪಾಲಿದೆ. ಪಾಲಿಟಿಯ ಮಟ್ಟಿಗೆ ಇಷ್ಟು ಹೇಳಬಹುದು: ಪರೀಕ್ಷೆಯ ಮುಂಚಿನ ಎರಡು ದಿನದಲ್ಲಿ ಇಡೀ ವಿಷಯವನ್ನು ತಿರುವಿ ಹಾಕಲು ಆಯಿತು, ತಪ್ಪಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಾಳೆಯಲ್ಲಿ ಇಲ್ಲದ ಹೊಸ ಸಂಗತಿಗಳಿಂದ ಬಂದವು. ಹಾಳೆಯಲ್ಲಿ ಇದ್ದೂ ತಪ್ಪಾಗುವುದು ಹೆಚ್ಚು ಕಡಿಮೆ ನಿಂತಿತು.

ಕೆಎಎಸ್ ಮುಖ್ಯ ಪರೀಕ್ಷೆಯಂಥ ವಿವರಣಾತ್ಮಕ ಬರವಣಿಗೆಗೆ ಈ ಹಾಳೆಗಳು ಸಾಲುವುದಿಲ್ಲ. ಅಲ್ಲಿ ಬೇಕಾಗುವುದು ನಾವು ಬಿಟ್ಟ ಹಿನ್ನೆಲೆ, ಟೀಕೆ, ಚರ್ಚೆ. ಅದಕ್ಕೆ ಪುಸ್ತಕಕ್ಕೇ ಹೋಗಬೇಕು.

ಹಾಳೆಗಳ ಜೆರಾಕ್ಸ್ ಓದುವ ಕೋಣೆಯಲ್ಲಿ ಸಾಕಷ್ಟು ಓಡಾಡಿತು. ತೆಗೆದುಕೊಂಡವರಲ್ಲಿ ಒಬ್ಬ ಹುಡುಗ ಸ್ವಲ್ಪ ದಿನ ಬಿಟ್ಟು ಬಂದು, “ಅಕ್ಕನಿಗೆ ಕೆಲಸ ಮಾಡಿದ್ದು ನನಗೆ ಮಾಡ್ತಿಲ್ಲ ಸರ್” ಅಂದ. ಅವನು ಕಲಾ ಪದವೀಧರ. ರಾಷ್ಟ್ರಪತಿ, ತುರ್ತು ಪರಿಸ್ಥಿತಿ ಅವನಿಗೆ ಮೊದಲೇ ಸರಿಯಾಗಿ ಗೊತ್ತಿತ್ತು. ಅವನು ತಪ್ಪುತ್ತಿದ್ದದ್ದು ಮಹಾಲೆಕ್ಕಪರಿಶೋಧಕರು, ಹಣಕಾಸು ಆಯೋಗ, ಲೋಕಸೇವಾ ಆಯೋಗದಂಥ ಸಂಸ್ಥೆಗಳಲ್ಲಿ, ಯಾರು ನೇಮಿಸುತ್ತಾರೆ, ಹೇಗೆ ತೆಗೆಯುತ್ತಾರೆ ಅನ್ನುವಲ್ಲಿ. ಆಕೆಯ ಕೆಂಪು ಪೆನ್ನು ಆಕೆಯ ತಪ್ಪುಗಳ ಮೇಲೆ ಓಡಿತ್ತು, ಅವನ ತಪ್ಪುಗಳ ಮೇಲಲ್ಲ.

ಅವನು ಕೋಷ್ಟಕಗಳ ತಲೆಬರಹ ಮಾತ್ರ ಉಳಿಸಿಕೊಂಡು, ಒಳಗಿನ ಕೋಣೆಗಳನ್ನು ಖಾಲಿ ಬಿಟ್ಟು ಹೊಸ ಹಾಳೆ ಮಾಡಿಕೊಂಡ. ಪುಸ್ತಕ ನೋಡದೆ ತುಂಬುವುದು, ತುಂಬಲಾಗದ ಕೋಣೆಗೆ ಮಾತ್ರ ಪುಸ್ತಕ ತೆಗೆಯುವುದು. ಈಗ ಹೊಸಬರು ಬಂದು ನೋಟ್ಸ್ ಕೇಳಿದರೆ ನಾನು ಕೊಡುವುದು ಆ ಖಾಲಿ ಹಾಳೆಗಳನ್ನೇ, ಜೊತೆಗೆ ಪರಿಷ್ಕೃತ ಕೀ ಇರುವ ಹಳೆಯ ಪತ್ರಿಕೆಗಳನ್ನು.